ಅಜ್ಜನ ಮುಖಕ್ಕೆ ಲೋರಾ ಬೇಕೋ, ಒಂದು ಫೋಟೋ ಸಾಕೋ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು. ಅಜ್ಜ ಮಾಟುಂಗದಲ್ಲಿ ಹೋಟೆಲ್ ನಡೆಸುತ್ತಿದ್ದರು. ಬರುವ ಸಹಸ್ರಚಂದ್ರ ದರ್ಶನಕ್ಕೆ ಅವರ ಬದುಕಿನ ಬಗ್ಗೆ ಜಲವರ್ಣದಂತಿರುವ 24 ಚಿತ್ರಗಳ ಪುಸ್ತಕ ಮಾಡುತ್ತಿದ್ದೇನೆ. 15 ಚಿತ್ರಗಳಲ್ಲಿ ಅಜ್ಜ ಈಗಿನ ವಯಸ್ಸಿನವರೇ, ಮರಿಮಗನ ಕೈ ಹಿಡಿದು ಹಳೆಯ ಜಾಗ ತೋರಿಸುತ್ತಾರೆ. 9 ಚಿತ್ರಗಳಲ್ಲಿ ಅವರು ಹುಡುಗ. ಒಂದು ಫೋಟೋ ಕೊಟ್ಟು ಪ್ರಾಂಪ್ಟ್ ಬರೆದರೆ ಮೊದಲೆರಡು ಚಿತ್ರ ಚೆನ್ನಾಗಿ ಬರುತ್ತವೆ. ಐದನೆಯದಕ್ಕೆ ಬಂದಾಗ ಅದು ಬೇರೆ ಯಾರೋ. ಅಜ್ಜನ ಎಡಗೆನ್ನೆಯ ಮಚ್ಚೆಯೂ ಮಾಯ. ನನ್ನ ಹತ್ತಿರ 11 ಫೋನ್ ಫೋಟೋ ಇವೆ, ಅದರಲ್ಲಿ 8 ಒಂದೇ ಮದುವೆಯವು. ಮೂರು ಹಳೆಯ ಕಪ್ಪುಬಿಳುಪು ಫೋಟೋ ಇವೆ. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ 8 ಜಿಬಿ. ಲೋರಾ ಟ್ರೈನ್ ಮಾಡಲಾ, ಹೀಗೇ ಮುಂದುವರಿಸಲಾ?

ಉತ್ತರ: ಎರಡೂ ಮಾಡಿ, ಆದರೆ ಬೇರೆ ಬೇರೆ ಚಿತ್ರಗಳಿಗೆ. ಈಗಿನ ವಯಸ್ಸಿನ 15 ಚಿತ್ರಗಳಿಗೆ ಲೋರಾ, ಅಂದರೆ ಅಜ್ಜನ ಮುಖ ಕಲಿತು ಮಾಡೆಲ್ ಜೊತೆ ಸೇರುವ ಒಂದು ಸಣ್ಣ ಫೈಲ್, ಟ್ರೈನ್ ಮಾಡಿ. ಹುಡುಗನಾಗಿದ್ದಾಗಿನ 9 ಚಿತ್ರಗಳಿಗೆ ಹಳೆಯ ಫೋಟೋ ಕೊಟ್ಟು ಪ್ರಾಂಪ್ಟ್ ಬರೆಯುವುದನ್ನೇ ಮುಂದುವರಿಸಿ. ಒಂದು ಷರತ್ತು ಇದೆ. ನಿಮ್ಮ ಹತ್ತಿರ ಈಗಿರುವ 11 ಫೋಟೋಗಳಿಂದ ಲೋರಾ ಮಾಡಬೇಡಿ. ಅಜ್ಜ ನಿಮ್ಮ ಜೊತೆಗೇ ಇದ್ದಾರೆ ಅಲ್ವಾ? ಒಂದು ಬೆಳಿಗ್ಗೆ ಕೂತು ಹೊಸದಾಗಿ ಫೋಟೋ ತೆಗೆಯಿರಿ. ಇಡೀ ಕೆಲಸದಲ್ಲಿ ಅಷ್ಟು ದೊಡ್ಡ ಲಾಭ ಕೊಡುವುದು ಬೇರೆ ಯಾವುದೂ ಇಲ್ಲ.

ಐದನೆಯ ಚಿತ್ರದಲ್ಲಿ ಅಜ್ಜ ಯಾಕೆ ಬದಲಾಗುತ್ತಾರೆ ಎಂಬುದನ್ನು ಮೊದಲು ನೋಡೋಣ. ಅದು ಗೊತ್ತಾದರೆ ಯಾವುದಕ್ಕೆ ಯಾವ ದಾರಿ ಎಂಬುದು ತಾನೇ ಹೊಳೆಯುತ್ತದೆ.

ಒಂದು ಫೋಟೋ ಕೊಟ್ಟು ಚಿತ್ರ ಮಾಡಿಸುವಾಗ ಮಾಡೆಲ್ ಏನನ್ನೂ ಕಲಿಯುವುದಿಲ್ಲ. ಆ ಒಂದು ಸಲಕ್ಕೆ ಮಾತ್ರ ಫೋಟೋ ನೋಡುತ್ತದೆ, ಚಿತ್ರ ಬರೆಯುತ್ತದೆ, ಅಲ್ಲಿಗೆ ಮುಗಿಯಿತು. ಇದರಲ್ಲಿ ಎರಡು ಜಾತಿ ಇವೆ. ಇನ್‌ಸ್ಟಂಟ್‌ಐಡಿ, ಪುಲಿಡ್, ಐಪಿ-ಅಡಾಪ್ಟರ್ ಫೇಸ್‌ಐಡಿ ತರಹದವು ಮೊದಲು ಮುಖ ಗುರುತಿಸುವ ಇನ್ನೊಂದು ಮಾಡೆಲ್ಲಿಗೆ ಫೋಟೋ ಕೊಡುತ್ತವೆ. ಅದು ಮುಖವನ್ನು ಸಾಮಾನ್ಯವಾಗಿ 512 ಸಂಖ್ಯೆಗಳ ಒಂದು ಸಾಲಾಗಿ ಇಳಿಸುತ್ತದೆ. ಚಿತ್ರಕ್ಕೆ ಮುಖ್ಯ ಆಧಾರ ಆ ಸಾಲು. ಆದರೆ ಮುಖ ಗುರುತಿಸುವ ಮಾಡೆಲನ್ನು ಮಾಡಿದ್ದು ಬೇರೆ ಉದ್ದೇಶಕ್ಕೆ. ಬೆಳಕು ಬದಲಾಗಲಿ, ನಗಲಿ, ಕನ್ನಡಕ ಹಾಕಲಿ, ವಯಸ್ಸು ಸ್ವಲ್ಪ ಜಾಸ್ತಿ ಆಗಲಿ, ಇದು ಅದೇ ಮನುಷ್ಯ ಎಂದು ಹೇಳುವುದು ಅದರ ಕೆಲಸ. ಹಾಗಾಗಿ ಚಿಕ್ಕಪುಟ್ಟ ಗುರುತುಗಳನ್ನು ಅದು ಬೇಕೆಂದೇ ಲೆಕ್ಕಕ್ಕೆ ಇಡುವುದಿಲ್ಲ. ನಿಮ್ಮ ಅಜ್ಜನ ಮಚ್ಚೆ ಮಾಯವಾಗುವುದು ಇಲ್ಲೇ. ಮನೆಯವರಿಗೆ ಆ ಮಚ್ಚೆಯೇ ಅಜ್ಜ. ಮಾಡೆಲ್ಲಿಗೆ ಅದು ಕ್ಯಾಮೆರಾದ ಮೇಲಿನ ಧೂಳಿಗೆ ಸಮ.

ಇನ್ನೊಂದು ಜಾತಿ ಫ್ಲಕ್ಸ್ ಕಾಂಟೆಕ್ಸ್ಟ್, ಕ್ವೆನ್ ಇಮೇಜ್ ಎಡಿಟ್ ತರಹದ ಎಡಿಟಿಂಗ್ ಮಾಡೆಲ್‌ಗಳು. ಇವು ಇಡೀ ಫೋಟೋವನ್ನೇ ನೋಡುತ್ತವೆ. ಮಚ್ಚೆ, ಸುಕ್ಕು ಎಲ್ಲ ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ಫೋಟೋದಲ್ಲಿ ಕಾಣದ್ದನ್ನು ಇವೂ ಊಹಿಸಲೇಬೇಕು. ಎದುರಿನಿಂದ ತೆಗೆದ ಫೋಟೋ ಕೊಟ್ಟು "ಅಜ್ಜ ಪಕ್ಕಕ್ಕೆ ತಿರುಗಿ ಮರಿಮಗನನ್ನು ನೋಡುತ್ತಿದ್ದಾರೆ" ಎಂದರೆ, ಅಜ್ಜನ ಮೂಗು ಪಕ್ಕದಿಂದ ಹೇಗಿದೆ ಎಂದು ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ತಾನು ಕಂಡ ಸಾವಿರಾರು ಮುದುಕರ ಮೂಗುಗಳಲ್ಲಿ ಹತ್ತಿರದ್ದೊಂದನ್ನು ಇಡುತ್ತದೆ. ನಿಮ್ಮ ಮೊದಲೆರಡು ಚಿತ್ರಗಳಲ್ಲಿ ಅಜ್ಜ ಎದುರಿಗೇ ನೋಡುತ್ತಿರಬಹುದು. ಐದನೆಯದರಲ್ಲಿ ತಿರುಗಿರಬಹುದು. ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಕಾರಣವೂ ಇರಬಹುದು. ತುಂಬ ಜನ ಮೊದಲ ಚಿತ್ರ ಬಂದ ಮೇಲೆ ಅದನ್ನೇ ಕೊಟ್ಟು ಎರಡನೆಯದು, ಎರಡನೆಯದನ್ನು ಕೊಟ್ಟು ಮೂರನೆಯದು ಮಾಡಿಸುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸ್ವಲ್ಪ ತಪ್ಪು ಸೇರುತ್ತದೆ. ಆ ತಪ್ಪೇ ಮುಂದಿನ ಹೆಜ್ಜೆಗೆ ಮೂಲವಾಗುತ್ತದೆ. ಚರ್ಮ ನುಣುಪಾಗುತ್ತಾ ಹೋಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ದವಡೆ ಚೂಪಾಗುತ್ತದೆ. ನೀವು ಹೀಗೆ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ರತಿ ಸಲವೂ ಮೂಲ ಫೋಟೋವನ್ನೇ ಕೊಡಿ. ಎರಡು ಮೂರು ಫೋಟೋ ಒಟ್ಟಿಗೆ ತೆಗೆದುಕೊಳ್ಳುವ ಟೂಲ್ ಆದರೆ ಎದುರಿನದು ಒಂದು, ಪಕ್ಕದ್ದು ಒಂದು ಕೊಡಿ. ನಾಲ್ಕೈದು ಚಿತ್ರಗಳ ಆಮಂತ್ರಣ ಪತ್ರಿಕೆಯೋ ಒಂದು ಪೋಸ್ಟರೋ ಆಗಿದ್ದರೆ ಇಷ್ಟು ಸಾಕು, ಲೋರಾ ಸುದ್ದಿಗೇ ಹೋಗಬೇಡಿ ಎನ್ನುತ್ತಿದ್ದೆ.

ನಿಮ್ಮದು ಹಾಗಲ್ಲ. ಹದಿನೈದು ಪುಟ ಅದೇ ಮುಖ ಬರಬೇಕು. ಎದುರಿಂದ, ಪಕ್ಕದಿಂದ, ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಹೇಳುವಾಗ, ನಗುವಾಗ. ಪುಸ್ತಕದಲ್ಲಿ ಪುಟ ತಿರುಗಿಸುವವರ ಕಣ್ಣು ಹಿಂದಿನ ಪುಟವನ್ನು ಮರೆತಿರುವುದಿಲ್ಲ. ಒಂದೊಂದೇ ಚಿತ್ರ ನೋಡುವಾಗ ಹೊಂದಿಕೊಳ್ಳುವ ಮುಖ, ಸಾಲಾಗಿ ನೋಡುವಾಗ ನಾಲ್ಕು ಜನ ಅಣ್ಣತಮ್ಮಂದಿರಾಗಿ ಕಾಣುತ್ತದೆ. ಲೋರಾದ ಶ್ರಮ ಸಾರ್ಥಕ ಆಗುವುದು ಇಂಥ ಕಡೆ.

ಲೋರಾ ಅಂದರೆ ದೊಡ್ಡ ಮಾಡೆಲನ್ನು ಹಾಗೇ ಬಿಟ್ಟು, ಅದರ ಜೊತೆ ಸೇರಿಸುವ ಒಂದು ಸಣ್ಣ ತಿದ್ದುಪಡಿ ಫೈಲ್. 2021ರಲ್ಲಿ ಇದನ್ನು ಭಾಷಾ ಮಾಡೆಲ್‌ಗಳಿಗಾಗಿ ಕಂಡುಹಿಡಿದರು, ಆಮೇಲೆ ಚಿತ್ರದ ಮಾಡೆಲ್‌ಗಳಿಗೂ ತಂದರು. ಮಾಡೆಲ್ ಒಳಗಿನ ದೊಡ್ಡ ಕೋಷ್ಟಕಗಳನ್ನು ಪೂರ್ತಿ ಬದಲಿಸದೆ, ಎರಡು ಸಪೂರ ಕೋಷ್ಟಕಗಳನ್ನು ಗುಣಿಸಿ ಬಂದದ್ದನ್ನು ಅದಕ್ಕೆ ಕೂಡಿಸುತ್ತಾರೆ. ಆ ಸಪೂರ ಕೋಷ್ಟಕದ ಅಗಲಕ್ಕೆ ರ‍್ಯಾಂಕ್ ಎನ್ನುತ್ತಾರೆ. ಒಬ್ಬ ಮನುಷ್ಯನ ಮುಖಕ್ಕೆ 16 ರ‍್ಯಾಂಕ್ ಸಾಕಾಗುತ್ತದೆ. 64, 128 ಹಾಕಿದರೆ ಇನ್ನೂ ಚೆನ್ನಾಗಿ ಕಲಿಯುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. ಜಾಗ ಜಾಸ್ತಿ ಇದ್ದಷ್ಟೂ ಅದು ಮುಖದ ಜೊತೆ ಹಿಂದಿನ ಗೋಡೆ, ಅಂಗಿಯ ಗೆರೆ ಎಲ್ಲವನ್ನೂ ಬಾಯಿಪಾಠ ಮಾಡುತ್ತದೆ.

ಈಗ ನಿಮ್ಮ 11 ಫೋಟೋಗಳ ಮಾತಿಗೆ ಬರುತ್ತೇನೆ. ಲೋರಾ ಕಲಿಯುವುದು ಅಜ್ಜನನ್ನಲ್ಲ. ಕೊಟ್ಟ ಫೋಟೋಗಳಲ್ಲಿ ಎಲ್ಲಾ ಕಡೆ ಒಂದೇ ತರಹ ಇರುವುದು ಏನೋ ಅದನ್ನು. ನಿಮ್ಮ ಎಂಟು ಫೋಟೋಗಳಲ್ಲಿ ಅಜ್ಜನ ಮುಖವೂ ಒಂದೇ, ಮದುವೆ ಹಾಲ್‌ನ ಹಳದಿ ದೀಪವೂ ಒಂದೇ, ಅವತ್ತಿನ ರೇಷ್ಮೆ ಶಲ್ಯವೂ ಒಂದೇ, ಸ್ಟೇಜಿನ ಹೂವೂ ಒಂದೇ. ಇದರಲ್ಲಿ ಯಾವುದು ಅಜ್ಜ, ಯಾವುದು ಮದುವೆ ಎಂದು ಬೇರೆ ಮಾಡಲು ಅದಕ್ಕೆ ದಾರಿಯೇ ಇಲ್ಲ. ಟ್ರೈನ್ ಆದ ಮೇಲೆ "ಅಜ್ಜ ದಾದರ್ ಸ್ಟೇಷನ್‌ನಲ್ಲಿ" ಎಂದು ಬರೆಯಿರಿ, ಪ್ಲಾಟ್‌ಫಾರ್ಮಿನಲ್ಲಿ ರೇಷ್ಮೆ ಶಲ್ಯ ಹೊದ್ದು, ಹಳದಿ ಬೆಳಕಿನಲ್ಲಿ, ಫೋಟೋಗೆ ನಿಂತ ಮುಖದಲ್ಲೇ ನಿಂತಿರುತ್ತಾರೆ. ಫೋಟೋಗಳ ಸಂಖ್ಯೆ ದೊಡ್ಡ ವಿಷಯವಲ್ಲ. ಹನ್ನೆರಡು ಬೇರೆ ಬೇರೆ ಫೋಟೋ ಒಂದೇ ಸಮಾರಂಭದ ಐವತ್ತಕ್ಕಿಂತ ಎಷ್ಟೋ ಮೇಲು.

ಹಾಗಾಗಿ ಹೊಸ ಫೋಟೋ. 18 ತೆಗೆದರೆ ಸಾಕು. ಬೆಳಿಗ್ಗೆ ತಿಂಡಿ ಆದ ಮೇಲೆ ಅಜ್ಜ ಹುರುಪಿನಲ್ಲಿರುವಾಗ ಕೂರಿಸಿ. ಡೊಂಬಿವಲಿಯ ಫ್ಲಾಟಿನಲ್ಲೇ ಮೂರು ಜಾಗ ಆರಿಸಿ: ಕಿಟಕಿಯ ಪಕ್ಕ, ಬಾಲ್ಕನಿ, ಕೆಳಗೆ ಸೊಸೈಟಿಯ ಅಂಗಳ. ಮೂರು ಕಡೆಯೂ ಬೆಳಕು ಬೇರೆ, ಹಿನ್ನೆಲೆ ಬೇರೆ. ನಡುವೆ ಅಂಗಿ ಬದಲಿಸಿ. ಒಂದು ಬಿಳಿ, ಒಂದು ಬಣ್ಣದ್ದು, ಒಮ್ಮೆ ಬನಿಯನ್ ಆದರೂ ಪರವಾಗಿಲ್ಲ. 18ರಲ್ಲಿ ಹತ್ತು ಮುಖ ಮತ್ತು ಹೆಗಲು ಕಾಣುವಂತೆ, ಐದು ಸೊಂಟದವರೆಗೆ, ಮೂರು ಪೂರ್ತಿ ನಿಂತದ್ದು. ಪೂರ್ತಿ ನಿಂತದ್ದು ಯಾಕೆಂದರೆ ಅಜ್ಜನ ಬೆನ್ನು ಎಷ್ಟು ಬಾಗಿದೆ, ಕೈ ಹೇಗೆ ಇಳಿಬಿಡುತ್ತಾರೆ ಎಂಬುದೂ ಅಜ್ಜನೇ. ನೇರ ಎದುರಿನದು ಐದಕ್ಕಿಂತ ಜಾಸ್ತಿ ಬೇಡ. ಎಡಕ್ಕೆ ಅರ್ಧ ತಿರುಗಿದ್ದು, ಬಲಕ್ಕೆ ಅರ್ಧ ತಿರುಗಿದ್ದು, ಎರಡು ಕಡೆಯ ಪೂರ್ತಿ ಪಕ್ಕದ ಮುಖ, ಕೆಳಗೆ ನೋಡುತ್ತಿರುವುದು ಎಲ್ಲ ಬೇಕು. ಕನ್ನಡಕ ಇದ್ದರೆ ಕೆಲವು ಕನ್ನಡಕ ತೆಗೆದು. ನಗಿಸಿ, ಮಾತಾಡಿಸಿ. "ಅಜ್ಜ, ಹೋಟೆಲ್ಲಿಗೆ ಮೊದಲ ದಿನ ಬಂದಾಗ ಏನಾಯ್ತು?" ಎಂದು ಮರಿಮಗನಿಂದಲೇ ಕೇಳಿಸಿ, ಆಮೇಲೆ ಕ್ಲಿಕ್ ಮಾಡಿ. ಫೋಟೋಗೆಂದು ಬಿಗಿದ ಮುಖ ಹದಿನೆಂಟೂ ಆದರೆ ಹದಿನೈದು ಪುಟವೂ ಬಿಗಿದ ಮುಖವೇ.

ಫೋನಿನ ಹಿಂದಿನ ಕ್ಯಾಮೆರಾ ಬಳಸಿ, ಬ್ಯೂಟಿ ಮೋಡ್ ಆಫ್ ಮಾಡಿ, ಒಂದೂವರೆ ಎರಡು ಮೀಟರ್ ದೂರ ನಿಂತು ಸ್ವಲ್ಪ ಜೂಮ್ ಮಾಡಿ. ತೀರ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಅದೂ ಕಲಿಕೆಗೆ ಹೋಗುತ್ತದೆ. ಸೆಲ್ಫಿ ಸೇರಿಸಲೇಬೇಡಿ, ಅದಕ್ಕೆ ಇನ್ನೊಂದು ಕಾರಣ ಇದೆ. ಎಷ್ಟೋ ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಳಿಸುತ್ತವೆ. ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿರುತ್ತದೆ. ಟ್ರೈನಿಂಗ್ ಸಾಫ್ಟ್‌ವೇರಿನಲ್ಲೂ ಫೋಟೋಗಳನ್ನು ಎಡಬಲ ತಿರುಗಿಸಿ ಸಂಖ್ಯೆ ಹೆಚ್ಚಿಸುವ ಸೌಲಭ್ಯ ಇರುತ್ತದೆ. `flip_aug` ಅಥವಾ `flip_x` ಎಂದು ಕಾಣುತ್ತದೆ. ಅದು ಆಫ್ ಇದೆಯೇ ಎಂದು ನೋಡಿಕೊಳ್ಳಿ. ಆನ್ ಇದ್ದರೆ ಮಚ್ಚೆ ಒಂದು ಚಿತ್ರದಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ, ಕೆಲವದರಲ್ಲಿ ಎರಡೂ ಕಡೆ. ಎಡ ಹೆಗಲಿನ ಜನಿವಾರ ಬಲ ಹೆಗಲಿಗೆ ಬರುತ್ತದೆ. ಮನೆಯ ಹಿರಿಯರ ಕಣ್ಣಿಗೆ ಮೊದಲು ಬೀಳುವುದೇ ಅದು.

ಹಣೆಯ ನಾಮದ ವಿಷಯವೂ ಹೇಳಿಬಿಡುತ್ತೇನೆ. ಅಜ್ಜ ನಾಮ ಇಡುವವರಾದರೆ ಕೆಲವು ಫೋಟೋ ನಾಮ ಇಡುವ ಮೊದಲೇ ತೆಗೆಯಿರಿ. ಚಿತ್ರದಲ್ಲೂ ಬರಿ ಹಣೆ ಕೇಳಿ, ಕೊನೆಗೆ ನಾಮವನ್ನು ಕೈಯಿಂದ ಬರೆಯಿರಿ. ಗೋಪಿಚಂದನದ ನಾಮವನ್ನೂ ಅಂಗಾರ ಅಕ್ಷತೆಯನ್ನೂ ಈ ಮಾಡೆಲ್‌ಗಳು ಏನೇನೋ ಮಾಡಿಡುತ್ತವೆ. ಲೋರಾದಿಂದ ಅದನ್ನು ಕಲಿಸಲು ಹೋಗುವುದಕ್ಕಿಂತ ಐದು ನಿಮಿಷದ ಕೈಕೆಲಸ ಸುಲಭ.

ಪ್ರತಿ ಫೋಟೋಗೂ ಅದರಲ್ಲಿ ಏನಿದೆ ಎಂದು ಹೇಳುವ ಒಂದು ಕ್ಯಾಪ್ಶನ್ ಫೈಲ್ ಬರೆಯಬೇಕು. ಇದರ ನಿಯಮ ಮೊದಲಿಗೆ ಉಲ್ಟಾ ಅನಿಸುತ್ತದೆ. ಯಾವುದು ಬದಲಾಗಬೇಕೋ ಅದನ್ನು ಬರೆಯಿರಿ, ಯಾವುದು ಯಾವಾಗಲೂ ಅಂಟಿಕೊಂಡಿರಬೇಕೋ ಅದನ್ನು ಬರೆಯಬೇಡಿ. ಅಂಗಿ, ಜಾಗ, ಬೆಳಕು, ಕನ್ನಡಕ, ನಗು ಇವನ್ನು ಬರೆದರೆ, ಇವೆಲ್ಲ ಆ ಪದಗಳ ಲೆಕ್ಕಕ್ಕೆ ಹೋಗುತ್ತವೆ. ಮಚ್ಚೆ, ಮೂಗು, ಬಿಳಿ ಹುಬ್ಬು ಇವನ್ನು ಬರೆಯದೆ ಬಿಟ್ಟರೆ, ಅವು ನೀವು ಕೊಟ್ಟ ಗುರುತಿನ ಪದಕ್ಕೆ ಅಂಟಿಕೊಳ್ಳುತ್ತವೆ. ಗುರುತಿನ ಪದ ಮಾಡೆಲ್ಲಿಗೆ ಮೊದಲೇ ಗೊತ್ತಿರುವ ಹೆಸರಾಗಿರಬಾರದು. ಉದಾಹರಣೆಗೆ, ಇಲ್ಲಿ ajjx7 ಗುರುತಿನ ಪದ:

```
ajjx7 man, wearing glasses and a white cotton shirt,
sitting by a window, soft daylight, looking down, smiling
```

ನಿಮ್ಮ 8 ಜಿಬಿ ಕಾರ್ಡಿನಲ್ಲಿ ಇದನ್ನು ಹಿಂಡಿ ಮಾಡಲು ಹೋಗಬೇಡಿ. ಫ್ಲಕ್ಸ್ ಡೆವ್ ತರಹದ ಮಾಡೆಲ್ಲಿಗೆ ಆರಾಮಾಗಿ ಲೋರಾ ಮಾಡಲು 24 ಜಿಬಿ ಕಾರ್ಡ್ ಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಜಿಪಿಯು ಕೊಡುವವರು ಬೇಕಾದಷ್ಟು ಇದ್ದಾರೆ. ಒಂದೆರಡು ಸಲ ಟ್ರೈನ್ ಮಾಡಲು ಕೆಲವು ನೂರು ರೂಪಾಯಿ ಇಟ್ಟುಕೊಳ್ಳಿ. ಎಐ-ಟೂಲ್‌ಕಿಟ್ ಎಂಬ ಟ್ರೈನಿಂಗ್ ಸಾಫ್ಟ್‌ವೇರಿನಲ್ಲಿ ನಿಮ್ಮ 18 ಫೋಟೋಗೆ ನಾನು ಶುರು ಮಾಡುವ ಸೆಟ್ಟಿಂಗ್ ಇದು:

```yaml
network:
  type: "lora"
  linear: 16
  linear_alpha: 16
save:
  save_every: 250
  max_step_saves_to_keep: 8
train:
  batch_size: 1
  steps: 2000
  lr: 1e-4
```

2000 ಸ್ಟೆಪ್ ಅಂದರೆ ಪ್ರತಿ ಫೋಟೋವನ್ನೂ ಸುಮಾರು 110 ಸಲ ನೋಡಿದ ಹಾಗೆ. ಆದರೆ ಇಲ್ಲಿ ಮುಖ್ಯವಾದ ಸಾಲು `save_every`. 250 ಸ್ಟೆಪ್‌ಗೊಮ್ಮೆ ಒಂದು ಪ್ರತಿ ಉಳಿಯುತ್ತದೆ, ಒಟ್ಟು ಎಂಟು. ಕೊನೆಯದೇ ಒಳ್ಳೆಯದು ಎಂದು ಇಲ್ಲ. ಎಷ್ಟೋ ಸಲ 1250, 1500ರ ಹತ್ತಿರದ್ದು ಗೆಲ್ಲುತ್ತದೆ.

ಎಂಟರಲ್ಲಿ ಒಂದನ್ನು ಆರಿಸುವುದು ಹೇಗೆ? ನಾಲ್ಕು ಪ್ರಾಂಪ್ಟ್ ಬರೆದಿಟ್ಟುಕೊಳ್ಳಿ. ಎಂಟೂ ಪ್ರತಿಗಳಿಗೆ ಅದೇ ನಾಲ್ಕು ಪ್ರಾಂಪ್ಟ್ ಕೊಡಿ, ಚಿತ್ರ ಯಾವ ಯಾದೃಚ್ಛಿಕ ಸಂಖ್ಯೆಯಿಂದ ಶುರುವಾಗುತ್ತದೋ ಆ ಸೀಡ್ ಕೂಡ ಅದೇ ಇರಲಿ. ಮೊದಲನೆಯದು ಎದುರಿನ ಮುಖ. ಎರಡನೆಯದು ಪಕ್ಕದ ಮುಖ. ಮೂರನೆಯದು ಟ್ರೈನಿಂಗ್‌ನಲ್ಲಿ ಇಲ್ಲದ ಬಟ್ಟೆ ಮತ್ತು ಜಾಗ, ಉದಾಹರಣೆಗೆ ಕೆಂಪು ಸ್ವೆಟರ್ ಹಾಕಿ ಸಮುದ್ರದಂಡೆಯಲ್ಲಿ. ನಾಲ್ಕನೆಯದು ಅಜ್ಜನ ಗುರುತಿನ ಪದವೇ ಇಲ್ಲದೆ "ಬೀದಿಯಲ್ಲಿ ಮೂವರು ಗಂಡಸರು" ಎಂದು. 500ನೇ ಸ್ಟೆಪ್ಪಿನಲ್ಲಿ ಅಜ್ಜ ದೂರದ ನೆಂಟರ ಹಾಗೆ ಕಾಣುತ್ತಾರೆ, ಇನ್ನೂ ಕಲಿತಿಲ್ಲ. ಮುಂದೆ ಹೋದ ಹಾಗೆ ಹತ್ತಿರ ಬರುತ್ತಾರೆ. ಒಂದು ಘಟ್ಟ ದಾಟಿದ ಮೇಲೆ ಬೇರೆ ಲಕ್ಷಣ ಶುರುವಾಗುತ್ತದೆ. ಕೆಂಪು ಸ್ವೆಟರ್ ಕೇಳಿದರೂ ಬಿಳಿ ಅಂಗಿ ಬರುತ್ತದೆ. ಸಮುದ್ರದ ಹಿಂದೆ ನಿಮ್ಮ ಬಾಲ್ಕನಿಯ ಗ್ರಿಲ್ ಇಣುಕುತ್ತದೆ. ಮೂವರು ಗಂಡಸರೂ ಅಜ್ಜನ ಮುಖ ಹೊತ್ತು ನಿಲ್ಲುತ್ತಾರೆ. ಅಂದರೆ ಬಾಯಿಪಾಠ ಆಗಿಬಿಟ್ಟಿದೆ. ಅದಕ್ಕೆ ಮೊದಲಿನ ಪ್ರತಿ ತೆಗೆದುಕೊಳ್ಳಿ. 500ಕ್ಕೇ ಹೀಗಾದರೆ ಕಲಿಕೆಯ ವೇಗ ಜಾಸ್ತಿ ಆಯಿತು, `lr` ಅರ್ಧಕ್ಕೆ ಇಳಿಸಿ. ಕೊನೆಯವರೆಗೂ ನೆಂಟರ ಹಾಗೆಯೇ ಉಳಿದರೆ ಸ್ಟೆಪ್ ಹೆಚ್ಚಿಸುವ ಮೊದಲು ಫೋಟೋಗಳನ್ನು ಇನ್ನೊಮ್ಮೆ ನೋಡಿ. ಮಸುಕಾದದ್ದು, ನೆರಳು ಬಿದ್ದದ್ದು ಎರಡು ಮೂರು ಸೇರಿರುತ್ತವೆ.

ಹೋಲಿಕೆಯನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ದಿನಗಟ್ಟಲೆ ಆ ಚಿತ್ರಗಳನ್ನೇ ನೋಡಿದ ಕಣ್ಣಿಗೆ ಅವೇ ಅಜ್ಜ ಅನಿಸತೊಡಗುತ್ತದೆ. ಹನ್ನೆರಡು ಚಿತ್ರ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಅಜ್ಜಿಗೋ ಅತ್ತೆಗೋ ಕೊಟ್ಟು, "ಇದರಲ್ಲಿ ಯಾವುದು ಅಜ್ಜ ಅಲ್ಲ?" ಎಂದು ಕೇಳಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಮುಖದ ಹೋಲಿಕೆಗೆ ಅಂಕ ಕೊಡುವ ಸಾಫ್ಟ್‌ವೇರುಗಳೂ ಇವೆ. ಲೋರಾದ ಪ್ರತಿಗಳನ್ನು ತಮ್ಮತಮ್ಮಲ್ಲೇ ಹೋಲಿಸಲು ಅವು ಸ್ವಲ್ಪ ಉಪಯೋಗಕ್ಕೆ ಬರುತ್ತವೆ. ಆದರೆ ಲೋರಾ ಮತ್ತು ಇನ್‌ಸ್ಟಂಟ್‌ಐಡಿ ತರಹದ ಟೂಲ್ ನಡುವೆ ಅದರಿಂದ ತೀರ್ಪು ಕೊಡಬೇಡಿ. ಆ ಟೂಲ್‌ಗಳು ಚಿತ್ರ ಮಾಡುವುದೇ ಮುಖ ಗುರುತಿಸುವ ಮಾಡೆಲ್‌ನ ಸಂಖ್ಯೆಗಳನ್ನು ಹಿಡಿದು. ಅದೇ ಜಾತಿಯ ಸಂಖ್ಯೆಗಳಿಂದ ಅಳೆದರೆ ಅಂಕ ಜಾಸ್ತಿ ಬರದೆ ಇನ್ನೇನು? ಮಚ್ಚೆ ಇಲ್ಲದ ಅಜ್ಜನೂ ಅಲ್ಲಿ ಪಾಸ್.

ಜಲವರ್ಣದ ಶೈಲಿ ಇನ್ನೊಂದು ತೊಡಕು. ನೀವು ಕಲಿಸಿದ್ದು ಫೋಟೋಗಳಿಂದ, ಹಾಗಾಗಿ ಲೋರಾ ಚಿತ್ರವನ್ನು ಫೋಟೋ ಕಡೆಗೆ ಎಳೆಯುತ್ತದೆ. ಲೋರಾದ ಬಲವನ್ನು 1ರಿಂದ 0.8ಕ್ಕೆ, ಬೇಕಾದರೆ 0.7ಕ್ಕೆ ಇಳಿಸಿ ನೋಡಿ. ಬಣ್ಣ ಹರಡಿದ ಹಾಗೆ ಬರುವುದಕ್ಕೂ ಮುಖ ಉಳಿಯುವುದಕ್ಕೂ ನಡುವೆ ಒಂದು ಜಾಗ ಸಿಗುತ್ತದೆ. ಸಿಕ್ಕ ಮೇಲೆ ಹದಿನೈದು ಚಿತ್ರಕ್ಕೂ ಅದೇ ಇರಲಿ.

ಇನ್ನು ಹುಡುಗನ ಒಂಬತ್ತು ಚಿತ್ರ. ಅಜ್ಜನ ಲೋರಾಕ್ಕೆ "ಹದಿನೈದು ವರ್ಷದ ಹುಡುಗ" ಎಂದು ಬರೆದರೆ ಆಗುವುದಿಲ್ಲವೇ? ಅರವತ್ತರ ಅಜ್ಜನನ್ನು ಮಾಡಿಸಬಹುದು, ಕೂದಲು ಕಪ್ಪು ಮಾಡಿ ಲೋರಾ ಬಲ ಇಳಿಸಿದರೆ ಪರವಾಗಿಲ್ಲ ಎನ್ನುವಷ್ಟು ಬರುತ್ತದೆ. ಹದಿನೈದಕ್ಕೆ ಬರುವುದಿಲ್ಲ. ಸುಕ್ಕು ಅಳಿಸಿದ ಮುದುಕನ ಮುಖವೋ, ಯಾರದ್ದೋ ಮನೆಯ ಚೆಂದದ ಹುಡುಗನೋ ಬರುತ್ತಾನೆ. ಹಾಗೆಂದು ಮೂರು ಹಳೆಯ ಫೋಟೋಗಳನ್ನು ಹೊಸ 18ರ ಜೊತೆ ಬೆರೆಸಿ ಒಂದೇ ಲೋರಾ ಮಾಡಲೂ ಬೇಡಿ. ಎರಡು ವಯಸ್ಸು ಕಲಸಿಹೋಗಿ ಅಜ್ಜನ ಮುಖವೂ ಮೆತ್ತಗಾಗುತ್ತದೆ. ಮೂರೇ ಫೋಟೋಗೆ ಬೇರೆ ಲೋರಾ ಮಾಡಿದರೆ ಆ ಮೂರನ್ನೇ ಬಾಯಿಪಾಠ ಒಪ್ಪಿಸುತ್ತದೆ.

ಇಲ್ಲಿ ಒಂದು ಸಲದ ಫೋಟೋ ದಾರಿಯೇ ಸರಿ. ಹಳೆಯ ಫೋಟೋಗಳನ್ನು ಫೋನಿನಲ್ಲಿ ಫೋಟೋ ತೆಗೆಯಬೇಡಿ, ಸ್ಕ್ಯಾನರಿನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಆಮೇಲೆ, ದಯವಿಟ್ಟು, ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳಿಗೆ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಜಿಎಫ್‌ಪಿ-ಗ್ಯಾನ್, ಕೋಡ್‌ಫಾರ್ಮರ್ ತರಹದವು ಮಸುಕಿನ ಹಿಂದೆ ಇದ್ದದ್ದನ್ನು ಹೊರಗೆ ತೆಗೆಯುವುದಿಲ್ಲ. ಅಲ್ಲಿ ಇರಬಹುದಾದ ಒಂದು ಮುಖವನ್ನು ತಾವೇ ಕಟ್ಟುತ್ತವೆ. ಬಂದ ಕಣ್ಣು ಹೊಳೆಯುತ್ತದೆ, ರೆಪ್ಪೆ ಎಣಿಸಬಹುದು, ಆದರೆ ಅದು ನಿಮ್ಮ ಅಜ್ಜನ ಕಣ್ಣಲ್ಲ. ಆ ಕಣ್ಣನ್ನೇ ಒಂಬತ್ತು ಚಿತ್ರಕ್ಕೆ ಆಧಾರ ಮಾಡಿದರೆ ತಪ್ಪು ಪುಸ್ತಕ ತುಂಬ ಹರಡುತ್ತದೆ. ಗೀರು, ಕಲೆ ಮಾತ್ರ ಕೈಯಿಂದ ತೆಗೆಯಿರಿ. ಮಸುಕು ಮಸುಕಾಗಿಯೇ ಇರಲಿ. ಜಲವರ್ಣಕ್ಕೆ ಅದು ಅಡ್ಡಿಯೂ ಅಲ್ಲ.

ಮೂರು ಫೋಟೋಗಳಲ್ಲಿ ಮುಖ ಯಾವ ಕೋನದಲ್ಲಿದೆ ನೋಡಿ, ಅದಕ್ಕೆ ತಕ್ಕ ಹಾಗೆ ದೃಶ್ಯ ಕಟ್ಟಿ. ಹುಡುಗ ಎದುರಿಗೆ ನೋಡುವ ಫೋಟೋ ಇದ್ದರೆ, ರಾತ್ರಿಶಾಲೆಯ ಬೆಂಚಿನಲ್ಲಿ ಸ್ಲೇಟು ಹಿಡಿದು ಎದುರು ನೋಡುವ ಚಿತ್ರ ಮಾಡಿಸಿ. ಹಗಲು ಹೋಟೆಲ್, ರಾತ್ರಿ ಕನ್ನಡ ಶಾಲೆ ಎಂದು ಮುಂಬೈಯಲ್ಲಿ ಓದಿದವರು ಎಷ್ಟೋ ಜನ, ನಿಮ್ಮ ಅಜ್ಜನ ಕತೆಯಲ್ಲೂ ಅದು ಇದ್ದರೆ ಈ ಪುಟ ಬಿಡಬೇಡಿ. ಊರಿನಿಂದ ಬಸ್ಸಿನಲ್ಲಿ ಬಂದಿಳಿಯುವ ದೃಶ್ಯಕ್ಕೆ ಹುಡುಗನನ್ನು ಹಿಂದಿನಿಂದ ತೋರಿಸಬಹುದು, ಟ್ರಂಕ್ ಹೊತ್ತು ನಿಂತ ಬೆನ್ನು ಸಾಕು. ಕ್ಲೀನರ್ ಆಗಿ ಮೇಜು ಒರೆಸುವ ಚಿತ್ರದಲ್ಲಿ ಮುಖ ಚಿಕ್ಕದಾಗಿ, ಬಗ್ಗಿದ ಹಾಗೆ ಇರಲಿ. ಒಂಬತ್ತರಲ್ಲಿ ಮೂರು ನಾಲ್ಕರಲ್ಲಿ ಮಾತ್ರ ಮುಖ ದೊಡ್ಡದಾಗಿ ಬಂದರೆ, ಆ ಮೂರು ನಾಲ್ಕನ್ನು ನಿಜವಾದ ಫೋಟೋಗೆ ಹತ್ತಿರ ಇಡಲು ಆಗುತ್ತದೆ. ಅಂದಹಾಗೆ, ಮಾಟುಂಗದ ಕಿಂಗ್ಸ್ ಸರ್ಕಲ್ ಅರುವತ್ತರ ದಶಕದಲ್ಲಿ ಹೇಗಿತ್ತು ಎಂದು ಮಾಡೆಲ್ಲಿಗೆ ಗೊತ್ತಿರುತ್ತದೆ ಎಂದು ನಂಬಬೇಡಿ. ಜಾಗದ ಹಳೆಯ ಫೋಟೋ ಯಾರ ಹತ್ತಿರವಾದರೂ ಸಿಕ್ಕರೆ ಅದನ್ನೂ ಜೊತೆಗೆ ಕೊಡಿ.

ಅಜ್ಜ ಮತ್ತು ಮರಿಮಗ ಒಟ್ಟಿಗೆ ಇರುವ ಚಿತ್ರಗಳಲ್ಲಿ ಮಗುವಿಗೂ ಅಜ್ಜನ ಮುಖ ಅಂಟುವ ಅಪಾಯ ಇದೆ. ಮೊದಲು ಇಬ್ಬರೂ ಇರುವ ಚಿತ್ರವನ್ನು ಲೋರಾ ಇಲ್ಲದೆ ಮಾಡಿಸಿ, ಆಮೇಲೆ ಅಜ್ಜನ ಮುಖದ ಜಾಗವನ್ನಷ್ಟೇ ಗುರುತು ಮಾಡಿ ಲೋರಾ ಹಾಕಿ ಮತ್ತೆ ಬರೆಸಿ. ಇದಕ್ಕೆ ಇನ್‌ಪೇಂಟಿಂಗ್ ಎನ್ನುತ್ತಾರೆ. ಮಗುವಿಗೆ ಲೋರಾ ಮಾಡಬೇಡಿ. ಮಗುವಿನ ಮುಖ ಇಷ್ಟು ನಿಖರವಾಗಿ ಬರಬೇಕಾದ ಅಗತ್ಯ ಈ ಪುಸ್ತಕಕ್ಕಿಲ್ಲ, ಮತ್ತು ಮಗುವಿನ ಮುಖ ಕಲಿತ ಫೈಲ್ ಎಲ್ಲೂ ಇರದಿರುವುದೇ ಒಳ್ಳೆಯದು.

ಅದೇ ಕಾರಣಕ್ಕೆ ಅಜ್ಜನ ಒಪ್ಪಿಗೆಯನ್ನೂ ಕೇಳಿ, ಫೋಟೋ ತೆಗೆಯುವ ಮೊದಲೇ. ಪುಸ್ತಕ ಅವರಿಗೆ ಅಚ್ಚರಿಯಾಗಿರಲಿ ಎಂದಿದ್ದರೂ ಇಷ್ಟಾದರೂ ಹೇಳಿ: "ನಿಮ್ಮ ಮುಖವನ್ನು ಕಂಪ್ಯೂಟರಿಗೆ ಕಲಿಸುತ್ತೇನೆ, ಅದರಿಂದ ಚಿತ್ರ ಮಾಡುತ್ತೇನೆ, ಆಗಬಹುದಾ?" ಒಂದು ಸಲದ ಫೋಟೋಗಿಂತ ಲೋರಾ ಈ ವಿಷಯದಲ್ಲಿ ಬೇರೆ. ಆ ಒಂದು ಫೈಲ್ ಯಾರ ಕೈಗೆ ಹೋದರೂ ಅಜ್ಜ ಮಾಡದ್ದನ್ನು ಮಾಡಿದ ಹಾಗೆ ತೋರಿಸಬಹುದು. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹಾಕಿ, ಫೈಲ್ ಹಾಕಬೇಡಿ. ಎಲ್ಲರಿಗೂ ತೆರೆದಿರುವ ಲೋರಾ ಸೈಟುಗಳಿಗೆ ಏರಿಸಬೇಡಿ. ಬಾಡಿಗೆ ಯಂತ್ರದಲ್ಲಿ ಕೆಲಸ ಮುಗಿದ ಮೇಲೆ ಫೈಲ್ ಇಳಿಸಿಕೊಂಡು, ಫೋಟೋಗಳ ಫೋಲ್ಡರ್ ಅಳಿಸಿ, ಯಂತ್ರವನ್ನೂ ಡಿಲೀಟ್ ಮಾಡಿ. ಬರೀ ನಿಲ್ಲಿಸಿದರೆ ಡಿಸ್ಕ್ ಹಾಗೇ ಉಳಿಯುತ್ತದೆ, ಬಾಡಿಗೆಯೂ ಓಡುತ್ತಿರುತ್ತದೆ.